ಡ್ರಿಪ್ ಬಗ್ಗೆ ರೈತರಿಗೆ ತರಬೇತಿ ಇಟ್ಕೊಳ್ಳೋದು ಹೇಗೆ: ಒಂಬತ್ತು ಫೋಟೋ, ಹದಿನಾರು ಬಾಟಲಿ, ಒಂದು ತೋಟ

ಕೋಲಾರದ ಕಡೆ ಟೊಮೆಟೊ ಬೆಳೆಯೋರಿಗೆ ಡ್ರಿಪ್ ಅಂದ್ರೆ ಏನು ಅಂತ ಹೇಳಿಕೊಡೋ ಕಾಲ ಯಾವತ್ತೋ ಹೋಯ್ತು, ಸಾವಿರ ಅಡಿ ದಾಟಿರೋ ಬೋರ್‌ವೆಲ್ ಇಟ್ಕೊಂಡು ಕಾಲುವೇಲಿ ನೀರು ಹಾಯಿಸೋರು ಅಲ್ಲಿ ಹುಡುಕಿದ್ರೂ ಸಿಗಲ್ಲ. ಆದ್ರೂ ನಾವು ತರಬೇತಿ ಅಂತ ಹೋದಾಗ ಮೊದಲ ಸ್ಲೈಡು "ಹನಿ ನೀರಾವರಿ ಎಂದರೇನು", ಎರಡನೇದು "ಅನುಕೂಲಗಳು", ಅದರಲ್ಲಿ ಹತ್ತು ಸಾಲು. ಹಿಂದೆ ಕೂತೋರಿಗೆ ಅಕ್ಷರ ಕಾಣಲ್ಲ, ಮುಂದೆ ಕೂತೋರಿಗೆ ಅದು ಆಗಲೇ ಗೊತ್ತು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೇಲಿ ತೆಲುಗು ಮಾತಾಡ್ತಾರೆ, ಕನ್ನಡ ಚೆನ್ನಾಗಿ ಬರತ್ತೆ ಆದ್ರೆ ಗ್ರಾಂಥಿಕ ಕನ್ನಡದ ಸ್ಲೈಡ್ ಓದೋಕೆ ಮನಸ್ಸು ಬರಲ್ಲ. ಫೋಟೋಗೆ ಆ ತೊಂದರೆ ಇಲ್ಲ. ಕಟ್ಟಿಕೊಂಡಿರೋ ಫಿಲ್ಟರ್ ಫೋಟೋ ತೋರಿಸಿದ್ರೆ ಯಾವ ಭಾಷೆಯೋರಿಗಾದ್ರೂ ಒಂದೇ ಕ್ಷಣಕ್ಕೆ ಅರ್ಥ ಆಗತ್ತೆ.

ಸುಮಾರು 25 ಜನ ರೈತರಿಗೆ ಎರಡೂವರೆ ಗಂಟೆ ತರಬೇತಿ ಹೇಗೆ ಇಟ್ಕೊಬೇಕು ಅಂತ ನಾನು ಮಾಡೋ ಕ್ರಮದಲ್ಲೇ ಬರೀತೀನಿ. ಇಲಾಖೆ ಫೀಲ್ಡ್ ಸ್ಟಾಫು, ರೈತ ಉತ್ಪಾದಕ ಕಂಪನೀಲಿ ಕೆಲಸ ಮಾಡೋರು, ಸಂಘ ಸಂಸ್ಥೆಯೋರು ಯಾರಾದ್ರೂ ಮಾಡಬಹುದು.

ಮೊದಲು ವಿಷಯ ಒಂದೇ ಅಂತ ಗಟ್ಟಿ ಮಾಡ್ಕೊಳ್ಳಿ

ಡ್ರಿಪ್ ಅಂದ ತಕ್ಷಣ ವಿನ್ಯಾಸ, ರಸಗೊಬ್ಬರ ಕೊಡೋದು, ಸಬ್ಸಿಡಿ, ಮಲ್ಚಿಂಗ್ ಎಲ್ಲ ಸೇರಿಸಬೇಕು ಅನ್ಸತ್ತೆ, ಸೇರಿಸಬೇಡಿ. ನಾನು ಆರಿಸ್ಕೊಳ್ಳೋದು ಒಂದೇ ವಿಷಯ: ಸಾಲಿನ ತುದಿಗೆ ನೀರು ಯಾಕೆ ಬರಲ್ಲ. ಪ್ರತಿ ರೈತನೂ ದಿನಾ ನೋಡೋ ಸಮಸ್ಯೆ ಇದು, ವಾಲ್ ಹತ್ರ ಗಿಡ ಸೊಂಪಾಗಿರತ್ತೆ, ಕೊನೇಲಿ ಸೊರಗಿರತ್ತೆ, ಅದಕ್ಕೆ ಅವನು ಮಾಡೋದು ಮೋಟರ್ ಇನ್ನೂ ಅರ್ಧ ಗಂಟೆ ಜಾಸ್ತಿ ಓಡಿಸೋದು. ಆಗ ವಾಲ್ ಹತ್ರದ ಗಿಡಕ್ಕೆ ನೀರು ಹೆಚ್ಚಾಗತ್ತೆ, ಗೊಬ್ಬರ ಬೇರಿನ ಕೆಳಗೆ ಇಳಿದು ಹೋಗತ್ತೆ, ತುದೀಲಿ ಮಾತ್ರ ಹಾಗೇ ಇರತ್ತೆ. ಈ ಒಂದು ಪ್ರಶ್ನೆ ಹಿಡ್ಕೊಂಡು ಹೋದ್ರೆ ಫಿಲ್ಟರ್, ಫ್ಲಶಿಂಗ್, ಉಪ್ಪು ಕಟ್ಟೋದು ಎಲ್ಲ ತಾನಾಗೇ ಬರತ್ತೆ.

ಒಂದು ವಾರ ಮುಂಚೆ: ತೋಟ ಮತ್ತು ಕರೆಂಟು

ತರಬೇತಿ ಜಾಗ ಅಂದ್ರೆ ಸಮುದಾಯ ಭವನ ಅಲ್ಲ, ತೋಟ. ಊರಿಂದ ನಡೆದು ಹೋಗೋ ದೂರದಲ್ಲಿ, ಎರಡು ಮೂರು ವರ್ಷ ಹಳೇ ಡ್ರಿಪ್ ಇರೋ ತೋಟ ನೋಡ್ಕೊಳ್ಳಿ. ಹೊಸ ಡ್ರಿಪ್ ಇರೋ ಮಾದರಿ ತೋಟಕ್ಕೆ ಕರ್ಕೊಂಡು ಹೋದ್ರೆ ಎಲ್ಲ ಸರಿಯಾಗೇ ಇರತ್ತೆ, ಕಲಿಯೋಕೆ ಏನೂ ಉಳಿಯಲ್ಲ. ಮಲ್ಚಿಂಗ್ ಶೀಟ್ ಹಾಕಿರೋ ತೋಟ ಆದ್ರೆ ಡ್ರಿಪ್ ಪೈಪು ಶೀಟ್ ಕೆಳಗಿರತ್ತೆ, ಅಳತೆ ಮಾಡೋಕೆ ಶೀಟ್ ಕುಯ್ಯಬೇಕಾಗತ್ತೆ, ಅದಕ್ಕೆ ಶೀಟ್ ಹಾಕೋಕೆ ಮುಂಚಿನ ತೋಟ ಅಥವಾ ಶೀಟೇ ಇಲ್ಲದ ಬೀನ್ಸ್, ಹಿಪ್ಪುನೇರಳೆ ತೋಟ ಸಿಕ್ಕಿದ್ರೆ ಒಳ್ಳೇದು.

ಇನ್ನೊಂದು, ಇದನ್ನ ಮರೆತ್ರೆ ಇಡೀ ದಿನ ಹಾಳು. ತ್ರೀ ಫೇಸ್ ಕರೆಂಟ್ ಆ ವಾರ ಎಷ್ಟು ಗಂಟೆಗೆ ಅಂತ ಲೈನ್‌ಮ್ಯಾನ್ ಹತ್ರ ಕೇಳಿ ಆಮೇಲೆ ಸಮಯ ಇಡಿ. ಪಾಳಿ ಬದಲಾಗ್ತಾ ಇರತ್ತೆ, ಹತ್ತು ಗಂಟೆಗೆ 25 ಜನ ತೋಟದಲ್ಲಿ ನಿಂತಿದ್ದು ಕರೆಂಟ್ ಮಧ್ಯಾಹ್ನ ಎರಡಕ್ಕೆ ಬಂದ್ರೆ ಯಾರೂ ಕಾಯಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ತಿಂಡಿ ಮುಗಿಸಿ ಬರೋಕೆ ಹತ್ತು ಗಂಟೆ ಸರಿ, ಟೊಮೆಟೊ ಕೀಳೋ ದಿನ ಬೇಡವೇ ಬೇಡ.

ಕರೆಯೋದು ಯಾರನ್ನ ಅನ್ನೋದೂ ಮುಖ್ಯ. ಜಮೀನು ಯಜಮಾನನ ಹೆಸರಲ್ಲಿರತ್ತೆ, ಹಾಜರಿ ಪುಸ್ತಕದಲ್ಲೂ ಅವರದೇ ಹೆಸರು. ಆದ್ರೆ ಪೈಪು ಎಳೆಯೋದು, ಬೆಳೆ ಮುಗಿದ ಮೇಲೆ ಸುತ್ತಿಡೋದು, ಕಳೆ ತೆಗೀವಾಗ ಪೈಪಿಗೆ ಕುಡುಗೋಲು ತಾಗಿದ್ರೆ ಸರಿ ಮಾಡೋದು ಬಹಳ ಮಟ್ಟಿಗೆ ಮನೆ ಹೆಂಗಸರು, ಕೂಲಿಗೆ ಬರೋ ಹೆಂಗಸರು. ಯಾವ ಸಾಲಲ್ಲಿ ನೀರು ಬರಲ್ಲ ಅಂತ ಅವರಿಗೇ ಮೊದಲು ಗೊತ್ತಾಗತ್ತೆ. "ನಿಮ್ಮ ತೋಟದಲ್ಲಿ ಪೈಪ್ ಕೆಲಸ ಮಾಡೋರನ್ನ ಜೊತೇಲಿ ಕರ್ಕೊಂಡು ಬನ್ನಿ" ಅಂತ ಬಾಯಿ ಬಿಟ್ಟು ಹೇಳ್ಬೇಕು, ಹೇಳದೇ ಇದ್ರೆ ಬರಲ್ಲ.

ಫೋಟೋ ತೆಗೆಯೋದು

ಫೋಟೋ ಗೂಗಲ್‌ನಿಂದ ತರಬೇಡಿ. ಯಾವುದೋ ದೇಶದ ಮರಳುಗಾಡಿನ ತೋಟ, ಹೊಳೆಯೋ ಪೈಪು ನೋಡಿ ನಮ್ಮ ರೈತ "ಅದು ಅವರಿಗೆ ಸರಿ ಬಿಡಿ ಸಾರ್" ಅಂತಾನೆ. ಅದೇ ಊರಿನ ಐದಾರು ತೋಟಕ್ಕೆ ಹೋಗಿ ಫೋನಲ್ಲೇ ತೆಗೀರಿ. ಬೆಳಿಗ್ಗೆ ಒಂಬತ್ತರೊಳಗೆ ಬೆಳಕು ಚೆನ್ನಾಗಿರತ್ತೆ, ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ಪೈಪಿನ ಮೇಲೆ ಬಿಳಿ ಉಪ್ಪು ಕಾಣಿಸಲ್ಲ. ಒಂದು ಫೋಟೋದಲ್ಲಿ ಒಂದೇ ವಸ್ತು, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ದೊಡ್ಡದೋ ಚಿಕ್ಕದೋ ಗೊತ್ತಾಗತ್ತೆ.

ಒಂಬತ್ತು ಫೋಟೋ ಸಾಕು. ಒಂದೇ ಸಾಲಿನ ಮೊದಲ ಗಿಡ ಮತ್ತು ಕೊನೇ ಗಿಡ, ಎರಡರ ಪಕ್ಕದಲ್ಲೂ ಒಂದೇ ಕೋಲು ನಿಲ್ಲಿಸಿ. ಕೊಳೆ ಹಿಡಿದ ಫಿಲ್ಟರ್ ಜಾಲರಿ, ತೊಳೆದ ಮೇಲೆ ಅದೇ ಜಾಲರಿ, ಫೋನ್ ಅದೇ ಜಾಗದಲ್ಲಿ ಹಿಡಿದು. ಹರಿದ ಜಾಲರಿ ಒಂದು. ಆಮೇಲೆ ಕುಯ್ದು ಬಿಚ್ಚಿದ ಡ್ರಿಪ್ಪರ್ ನಾಲ್ಕು: ಕೆಸರು ತುಂಬಿರೋದು, ಬಿಳಿ ಉಪ್ಪು ಕಟ್ಟಿರೋದು, ಲೋಳೆಯಂಥ ಪಾಚಿ ಇರೋದು, ಏನೂ ಇಲ್ಲದ ಹೊಸದು. ಈ ನಾಲ್ಕೂ ಹತ್ರದಿಂದ, ಡ್ರಿಪ್ಪರ್ ಒಳಗಿನ ಹಾವಿನಂಥ ಸಣ್ಣ ದಾರಿ ಕಾಣೋ ಹಾಗೆ ಬೇಕು, ಅಷ್ಟು ಸಣ್ಣ ದಾರೀಲಿ ನೀರು ಹೋಗತ್ತೆ ಅಂತ ಹತ್ತು ವರ್ಷ ಡ್ರಿಪ್ ಇಟ್ಕೊಂಡೋರೂ ನೋಡಿರಲ್ಲ.

ಯಾರ ತೋಟ ಅಂತ ಗೊತ್ತಾಗೋ ಹಾಗೆ ಕೆಟ್ಟ ಫೋಟೋ ತೋರಿಸಬೇಡಿ. ಕೇಳ್ಕೊಂಡೇ ತೆಗೀರಿ, ಮುಖ, ಮನೆ, ಪಂಪ್‌ಹೌಸ್ ಬರದೇ ಇರಲಿ. ಊರ ಮುಂದೆ ಒಬ್ಬರ ತೋಟ ಹಾಳಾಗಿದೆ ಅಂತ ಆದ್ರೆ ಅವರು ಇನ್ನೊಂದು ಸಲ ಬರಲ್ಲ.

ಸ್ಲೈಡಿನಲ್ಲಿ ಏನು ಬರೀಬೇಕು

ಹೆಚ್ಚು ಕಮ್ಮಿ ಏನೂ ಇಲ್ಲ. ಫೋಟೋ ಪೂರ್ತಿ ಸ್ಲೈಡ್ ತುಂಬಬೇಕು, ಮೂಲೇಲಿ ದೊಡ್ಡದಾಗಿ 1, 2, 3 ಅಂತ ನಂಬರ್. "ಮೂರನೇ ಫೋಟೋ ಇನ್ನೊಂದ್ಸಲ ತೋರ್ಸಿ" ಅಂತ ಅವರು ಕೇಳೋಕೆ ನಂಬರ್ ಬೇಕು. ಪದ ಹಾಕಲೇಬೇಕು ಅಂದ್ರೆ ಒಂದೇ ಪದ, ಅದೂ ಊರಲ್ಲಿ ಬಳಸೋ ಪದ. ಶೋಧಕ ಅಂತ ಬರೀಬೇಡಿ ಫಿಲ್ಟರ್ ಅಂತ ಬರೀರಿ, ಪಾರ್ಶ್ವ ನಳಿಕೆ ಬೇಡ, ಡ್ರಿಪ್ ಪೈಪು ಸಾಕು.

ಇಡೀ ಸ್ಲೈಡ್ ಶೋನಲ್ಲಿ ಅಂಕಿ ಇರೋ ಸ್ಲೈಡ್ ಒಂದೇ. ಅದರಲ್ಲಿ ಬಾಟಲಿ ಚಿತ್ರ, "3 ನಿಮಿಷ" ಮತ್ತು "200 ಮಿಲಿ". ಗಂಟೆಗೆ 4 ಲೀಟರ್ ಕೊಡೋ ಡ್ರಿಪ್ಪರ್ ಮೂರು ನಿಮಿಷಕ್ಕೆ 200 ಮಿಲಿ ಕೊಡಬೇಕು, ಗಂಟೆಗೆ 2 ಲೀಟರ್ ಅಂದ್ರೆ 100 ಮಿಲಿ. ಅವರ ಪೈಪು ಯಾವುದು ಅಂತ ಪೈಪಿನ ಮೇಲೇ ಅಚ್ಚಾಗಿರತ್ತೆ, ಹೋಗೋ ಮುಂಚೆ ನೋಡ್ಕೊಂಡು ಅದೇ ಅಂಕಿ ಹಾಕಿ.

ಹೇಳಬೇಕಾದ ಮಾತೆಲ್ಲ ನಿಮ್ಮ ಕೈಲಿರೋ ಚೀಟೀಲಿ ಇರಲಿ. ಪ್ರತಿ ಫೋಟೋಗೂ ಮೊದಲು ಪ್ರಶ್ನೆ, ಆಮೇಲೆ ಸುಮ್ನೆ ಕಾಯೋದು. "ಇದೇನು? ನಿಮ್ಮಲ್ಲಿ ನೋಡಿದ್ದೀರಾ?" ಅಂತ ಕೇಳಿ ಹತ್ತು ಸೆಕೆಂಡ್ ಬಾಯಿ ಮುಚ್ಕೊಂಡು ನಿಲ್ಲೋದು ಕಷ್ಟ, ಆದ್ರೆ ಹನ್ನೊಂದನೇ ಸೆಕೆಂಡಿಗೆ ಯಾರೋ ಒಬ್ಬರು ಶುರು ಮಾಡ್ತಾರೆ, ಮತ್ತೆ ನಿಲ್ಲಿಸೋದೇ ಇಲ್ಲ.

ಪ್ರೊಜೆಕ್ಟರ್ ಹಗಲಲ್ಲಿ ಕಿಟಕಿ ತೆರೆದಿರೋ ಶಾಲೆ ಕೋಣೇಲಿ ಸರಿಯಾಗಿ ಕಾಣಲ್ಲ, ಕಪ್ಪು ಪೈಪಿನ ಫೋಟೋ ಅಂತೂ ಇನ್ನೂ ಮಂಕು. ಅದಕ್ಕೆ ನಾನು ಒಂಬತ್ತು ಫೋಟೋನೂ ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿ ಇಟ್ಕೊಂಡಿದ್ದೀನಿ, ಒಂದೊಂದೂ ಎರಡಡಿ ಅಗಲ, ತೋಟದಲ್ಲಿ ಮರಕ್ಕೆ ಹಗ್ಗ ಕಟ್ಟಿ ನೇತು ಹಾಕಬಹುದು, ಕೈಯಿಂದ ಕೈಗೆ ಕೊಡಬಹುದು, ಕರೆಂಟ್ ಬೇಡ. ಈಗೀಗ ಪ್ರೊಜೆಕ್ಟರ್ ತಗೊಂಡು ಹೋಗೋದೇ ಕಮ್ಮಿ.

ಸಾಮಾನು

ಅಂಗಡಿಯಿಂದ ವಿಶೇಷ ಏನೂ ತರೋದು ಬೇಡ. ಒಂದೇ ಕಂಪನಿಯ ಅರ್ಧ ಲೀಟರ್ ಖಾಲಿ ನೀರಿನ ಬಾಟಲಿ 16, ಅಷ್ಟೇ ಮೊಸರಿನ ಡಬ್ಬಿ, 250 ಮಿಲಿ ಅಳತೆ ಜಾರು ಒಂದು, ಕೆಂಪು ಟೇಪು, ದಾರ, ಬ್ಲೇಡು, ಹಳೇ ಬಿಳಿ ಪಂಚೆ ಹರಿದ ನಾಲ್ಕು ತುಂಡು, ಮೆತ್ತನೆ ಬ್ರಷ್, ನಾಲ್ಕು ನಿಂಬೆಹಣ್ಣು. ಜಾರು ಹೊಸದು ತಗೊಳ್ಳಿ, ಔಷಧಿ ಅಳೆದಿದ್ದು ಬೇಡ, ಜನ ಬರಿ ಕೈಲಿ ಮುಟ್ತಾರೆ. ಪ್ರತಿ ಬಾಟಲೀಲೂ 200 ಮಿಲಿ ಸುರಿದು ಆ ಮಟ್ಟಕ್ಕೆ ಕೆಂಪು ಟೇಪ್ ಹಚ್ಚಿ ಖಾಲಿ ಮಾಡಿಡಿ.

ಡ್ರಮ್ಮಿಗೆ ಪೈಪ್ ಸಿಕ್ಕಿಸಿ ಸ್ಟೂಲ್ ಮೇಲಿಟ್ಟು ಹಾಲ್‌ನಲ್ಲೇ ಡೆಮೊ ಮಾಡೋಣ ಅನ್ನೋ ಆಸೆ ಎಲ್ಲರಿಗೂ ಬರತ್ತೆ. ಹನಿ ಬೀಳೋದು ತೋರಿಸೋಕೆ ಪರವಾಗಿಲ್ಲ, ಅಳತೆಗೆ ಮಾತ್ರ ಬೇಡ. ಮಾಮೂಲಿ ಡ್ರಿಪ್ಪರ್ ಮೇಲೆ ಬರೆದಿರೋ 4 ಲೀಟರ್ ಸುಮಾರು ಒಂದು ಕೆಜಿ ಒತ್ತಡದ ಲೆಕ್ಕ, ಅಂದ್ರೆ ಹತ್ತು ಮೀಟರ್ ಎತ್ತರದ ನೀರು. ಒಂದು ಮೀಟರ್ ಎತ್ತರದ ಡ್ರಮ್ಮಲ್ಲಿ ಒತ್ತಡ ಹತ್ತರಲ್ಲಿ ಒಂದು ಪಾಲು, ನೀರು ಮೂರರಲ್ಲಿ ಒಂದು ಪಾಲಿಗೆ ಇಳಿಯತ್ತೆ. ನಿಮ್ಮ ಹೊಸ ಡ್ರಿಪ್ಪರೇ 65 ಮಿಲಿ ಕೊಟ್ಟು, ಇದು ಕಟ್ಕೊಂಡಿದೆ ಅಂತ ಎಲ್ಲರೂ ತಿಳ್ಕೊತಾರೆ.

ಆ ದಿನ: ಮೊದಲ ಅರ್ಧ ಗಂಟೆ

ಸ್ವಾಗತ ಭಾಷಣ ಎರಡು ಮಾತಲ್ಲಿ ಮುಗಿಸಿ ಮೊದಲ ಮತ್ತು ಕೊನೇ ಗಿಡದ ಫೋಟೋ ತೋರಿಸಿ, ಯಾಕೆ ಹೀಗೆ ಅಂತ ಕೇಳಿ. ಮೋಟರ್ ಸಣ್ಣದು, ನೀರು ಕಮ್ಮಿ, ಪೈಪ್ ಕಳಪೆ, ಇಲಿ ಕಚ್ಚಿದೆ, ಅಳಿಲು ಕಚ್ಚಿದೆ ಅಂತ ಏನೇನೋ ಬರತ್ತೆ, ಎಲ್ಲಾನೂ ಕೇಳ್ಕೊಳ್ಳಿ, ಸರಿ ತಪ್ಪು ಹೇಳೋಕೆ ಹೋಗಬೇಡಿ, "ಅಳೆದು ನೋಡೋಣ ಬನ್ನಿ" ಅಂತ ತೋಟಕ್ಕೆ ಇಳೀರಿ.

ಬಾಟಲಿ ಅಳತೆ

ತರಬೇತಿ ನಿಂತಿರೋದೇ ಇದರ ಮೇಲೆ, ಇದಕ್ಕೆ ಒಂದು ಗಂಟೆ ಕೊಡಿ. ಜನರನ್ನ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಸಾಲು. ವಾಲ್ ಹತ್ರದ ಸಾಲು, ಕೊನೇ ಸಾಲು, ಮಧ್ಯದಲ್ಲಿ ಎರಡು. ಪ್ರತಿ ಸಾಲಲ್ಲಿ ನಾಲ್ಕು ಜಾಗ: ಶುರು, ಮೂರನೇ ಒಂದು ದೂರ, ಮೂರನೇ ಎರಡು ದೂರ, ತುದಿ. ಡ್ರಿಪ್ಪರ್ ಕೆಳಗೆ ಮಣ್ಣು ಸ್ವಲ್ಪ ತೆಗೆದು ಮೊಸರಿನ ಡಬ್ಬಿ ಇಡಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಡ್ರಿಪ್ಪರಿಂದ ಬಂದ ನೀರು ನೇರ ಕೆಳಗೆ ಬೀಳದೆ ಪೈಪಿನ ಹೊಟ್ಟೆ ಹಿಡ್ಕೊಂಡು ಮುಂದೆ ಹರಿದು ಹೋಗತ್ತೆ, ಡಬ್ಬಿಗೆ ಅರ್ಧವೂ ಬರಲ್ಲ. ಡ್ರಿಪ್ಪರಿನ ಎರಡೂ ಕಡೆ, ಡಬ್ಬಿಯ ಬಾಯಿ ಒಳಗೇ ಬರೋ ಹಾಗೆ, ಪೈಪಿಗೆ ದಾರ ಸುತ್ತಿ ಬಾಲ ಇಳಿಬಿಡಿ, ನೀರು ಅಲ್ಲೇ ನಿಂತು ದಾರದಿಂದ ಇಳಿಯತ್ತೆ. ಇದನ್ನ ಮಾಡದೆ ಅಳೆದ ಲೆಕ್ಕ ನಂಬೋಕಾಗಲ್ಲ.

ಮೋಟರ್ ಹಾಕಿ ಐದು ನಿಮಿಷ ಬಿಡಿ, ಗಾಳಿ ಹೋಗಿ ಒತ್ತಡ ನಿಲ್ಲಲಿ. ಒಬ್ಬರು ಕೂಗು ಹಾಕಿದ ಕೂಡಲೇ ಎಲ್ಲರೂ ಡಬ್ಬಿ ಇಡ್ತಾರೆ, ಮೂರು ನಿಮಿಷಕ್ಕೆ ಇನ್ನೊಂದು ಕೂಗು, ತೆಗೀತಾರೆ. ಆ ನೀರನ್ನ ಜಾರಲ್ಲಿ ಅಳೆದು ಬಾಟಲಿಗೆ ಸುರಿದು, ಬಾಟಲಿಗಳನ್ನ ತೋಟದಲ್ಲಿದ್ದ ಕ್ರಮದಲ್ಲೇ ನಾಲ್ಕು ಸಾಲಾಗಿ ಒಂದು ಹಲಗೆ ಮೇಲೆ ಜೋಡಿಸಿ.

4 ಲೀಟರ್ ಡ್ರಿಪ್ಪರ್ ಇರೋ ತೋಟದಲ್ಲಿ ಸಿಗೋ ಅಂಥ ಲೆಕ್ಕ ಒಂದು ಹೇಳ್ತೀನಿ. ಮೊದಲ ಸಾಲು 195, 190, 175, 130. ಎರಡನೇದು 200, 190, 170, 125. ಮೂರನೇದು 195, 185, 165, 100. ನಾಲ್ಕನೇದು 190, 180, 155, 95. ಒಟ್ಟು 2640, ಹದಿನಾರರಿಂದ ಭಾಗಿಸಿದ್ರೆ ಸರಾಸರಿ 165. ತೀರಾ ಕಮ್ಮಿ ಇರೋ ನಾಲ್ಕು ಬಾಟಲಿ ಸೇರಿ 450, ಸರಾಸರಿ ಹೆಚ್ಚು ಕಮ್ಮಿ 112. ಈ 112 ಅನ್ನೋದು 165ರಲ್ಲಿ ನೂರಕ್ಕೆ 68. ತೊಂಬತ್ತರ ಮೇಲಿದ್ರೆ ಉತ್ತಮ, ಎಂಬತ್ತರ ಮೇಲೆ ಪರವಾಗಿಲ್ಲ, ಎಪ್ಪತ್ತಕ್ಕಿಂತ ಕೆಳಗೆ ಬಂದ್ರೆ ಕೆಟ್ಟದು ಅಂತ ಲೆಕ್ಕ. ಈ ಶೇಕಡಾ ಲೆಕ್ಕ ನಿಮ್ಮ ಡೈರಿಗೆ ಮಾತ್ರ, ರೈತರಿಗೆ ಹೇಳಬೇಡಿ. ಅವರಿಗೆ ಹಲಗೆ ಮೇಲೆ ಇಳಿಜಾರಾಗಿ ಕಾಣೋ ನೀರಿನ ಮಟ್ಟವೇ ಸಾಕು, ಆ ಹಲಗೆ ಫೋಟೋ ತೆಗೆದಿಡಿ, ಆಮೇಲೆ ಬೇಕಾಗತ್ತೆ. ವಾಲ್ ಹತ್ರದ ಗಿಡಕ್ಕೆ ತುದಿ ಗಿಡದ ಎರಡರಷ್ಟು ನೀರು ಅಂತ ಯಾರೂ ಹೇಳಿಕೊಡದೇ ಅವರೇ ಹೇಳ್ತಾರೆ.

ಫಿಲ್ಟರ್ ಮತ್ತು ಫ್ಲಶಿಂಗ್

ಈಗ ಕಾರಣ ಹುಡುಕೋದು. ಫಿಲ್ಟರಿಂದ ಶುರು ಮಾಡಿ. ಫಿಲ್ಟರಿನ ಮುಂದೆ ಹಿಂದೆ ಎರಡು ಗೇಜ್ ಇದ್ರೆ ವ್ಯತ್ಯಾಸ ನೋಡಿ, ಅರ್ಧ ಕೆಜಿ ದಾಟಿದ್ರೆ ಕಟ್ಕೊಂಡಿದೆ. ಗೇಜ್ ಕೆಟ್ಟು ಹೋಗಿರೋ ತೋಟನೇ ಜಾಸ್ತಿ, ಆಗ ಬಿಚ್ಚಿ ನೋಡೋದೊಂದೇ ದಾರಿ. ಎರಡೂ ಗೇಜ್ ಒಂದೇ ತೋರಿಸಿದ್ರೆ ಫಿಲ್ಟರ್ ಚೆನ್ನಾಗಿದೆ ಅಂತ ಖುಷಿ ಪಡೋ ಹಾಗೂ ಇಲ್ಲ, ಜಾಲರಿ ಹರಿದಿರಬಹುದು, ಇಲ್ಲಾ ನೀರು ಜೋರಾಗಿ ಬರಲಿ ಅಂತ ಯಾರಾದ್ರೂ ಜಾಲರಿನೇ ತೆಗೆದಿಟ್ಟಿರಬಹುದು. ಹರಿದ ಜಾಲರಿ ಫೋಟೋ ತೋರಿಸೋದು ಈಗ. ತಂತಿ ಬ್ರಷ್ ಹಾಕಿ ಉಜ್ಜಿದ್ರೆ ಹರಿಯತ್ತೆ, ಮೆತ್ತನೆ ಬ್ರಷ್ ಹಿಡಿದು ಹರಿಯೋ ನೀರಲ್ಲಿ ತೊಳೀಬೇಕು, ವಾಪಸ್ ಹಾಕುವಾಗ ರಬ್ಬರ್ ವಾಷರ್ ಸರಿಯಾಗಿ ಕೂರಬೇಕು, ಇಲ್ಲಾಂದ್ರೆ ಪಕ್ಕದಿಂದ ಕೊಳೆ ನುಗ್ಗತ್ತೆ. ನೀವು ಮಾಡಿ ತೋರಿಸಬೇಡಿ, ತೋಟದ ಯಜಮಾನರ ಕೈಲೂ ಬೇಡ, ಹಿಂದೆ ನಿಂತಿರೋ ಒಬ್ಬ ಅಕ್ಕನ ಕೈಲಿ ಬಿಚ್ಚಿಸಿ ಹಾಕಿಸಿ.

ಆಮೇಲೆ ಫ್ಲಶಿಂಗ್. ಕ್ರಮ ಯಾವತ್ತೂ ಮೇಲಿಂದ ಕೆಳಕ್ಕೆ: ಫಿಲ್ಟರ್, ಮೇನ್ ಲೈನು, ಸಬ್‌ಮೇನ್ ತುದಿಯ ಫ್ಲಶ್ ವಾಲು, ಕೊನೆಗೆ ಡ್ರಿಪ್ ಪೈಪಿನ ತುದಿ. ಪೈಪಿನ ತುದಿ ಮೊದಲು ಬಿಚ್ಚಿದ್ರೆ ಸಬ್‌ಮೇನ್‌ನಲ್ಲಿ ಕೂತಿರೋ ಕೆಸರೆಲ್ಲ ಪೈಪಿಗೇ ಬರತ್ತೆ. ಒಂದು ಸಲಕ್ಕೆ ಐದಾರು ತುದಿ ಮಾತ್ರ ತೆಗೀಬೇಕು, ಎಲ್ಲ ಒಟ್ಟಿಗೆ ತೆಗೆದ್ರೆ ಒತ್ತಡ ಬಿದ್ದು ಹೋಗಿ ಕೊಳೆ ಅಲ್ಲೇ ಉಳಿಯತ್ತೆ. ತುದಿಗೆ ಬಿಳಿ ಪಂಚೆ ತುಂಡು ಹಿಡೀರಿ. ಒಂದೆರಡು ನಿಮಿಷದಲ್ಲಿ ಬಟ್ಟೆ ಮೇಲೆ ಕಂದು ಕೆಸರು ಕೂರತ್ತೆ, ನೀರು ತಿಳಿಯಾಗೋ ತನಕ ಬಿಟ್ಟು ಮುಚ್ಚಬೇಕು. ಆ ಬಟ್ಟೆನ ಗಿಡದ ಮೇಲೆ ಒಣ ಹಾಕಿ, ಜನ ತಾವೇ ಹೋಗಿ ಮುಟ್ಟಿ ನೋಡ್ತಾರೆ.

ಈಗ ನಾಲ್ಕು ತುದಿ ಮಾತ್ರ ಮತ್ತೆ ಅಳೆಯಿರಿ. ಮೇಲಿನ ಲೆಕ್ಕದ ತೋಟದಲ್ಲಿ 130 ಇದ್ದದ್ದು 160 ಆಯ್ತು, 125 ಇದ್ದದ್ದು 150, 100 ಇದ್ದದ್ದು 145 ಅಂತ ಇಟ್ಕೊಳ್ಳಿ, 95 ಮಾತ್ರ 98ಕ್ಕೇ ನಿಂತಿದೆ. ಮೂರು ಕಡೆ ಕೆಸರು ಇತ್ತು, ಹೋಯ್ತು. ನಾಲ್ಕನೇದು ಬೇರೆ ಕಾಯಿಲೆ. ಅದರ ಅಕ್ಕಪಕ್ಕದ ಡ್ರಿಪ್ಪರನ್ನೂ ಅಳೀರಿ. ಪಕ್ಕದವು ಚೆನ್ನಾಗಿ ಕೊಟ್ರೆ ಈ ಒಂದು ಡ್ರಿಪ್ಪರ್ ಕಟ್ಕೊಂಡಿದೆ ಅಂತ ಅರ್ಥ, ಎಲ್ಲವೂ ಒಂದೇ ಸಮ ಕಮ್ಮಿ ಇದ್ರೆ ಮೇಲೆಲ್ಲೋ ಸೋರ್ತಾ ಇದೆ, ಇಲ್ಲಾ ಒಂದು ವಾಲಿಗೆ ಸಾಲು ಜಾಸ್ತಿ ಆಗಿದೆ.

ಕಟ್ಕೊಂಡಿರೋದನ್ನ ಯಜಮಾನರ ಒಪ್ಪಿಗೆ ತಗೊಂಡು ಕತ್ತರಿಸಿ ಜಾಯಿನರ್ ಹಾಕಿ, ತುಂಡನ್ನ ಬ್ಲೇಡಲ್ಲಿ ಬಿಚ್ಚಿ ಆ ನಾಲ್ಕು ಡ್ರಿಪ್ಪರ್ ಫೋಟೋ ಪಕ್ಕ ಹಿಡೀರಿ, ಯಾವುದಕ್ಕೆ ಹೋಲತ್ತೆ ಅಂತ ಅವರೇ ಹೇಳಲಿ. ಬಿಳಿ ಇದ್ರೆ ನಿಂಬೆಹಣ್ಣು ಹಿಂಡಿ, ಸಣ್ಣಗೆ ನೊರೆ ಬಂದ್ರೆ ಸುಣ್ಣದ ಅಂಶ, ಗಡಸು ನೀರಿಂದ ಬಂದಿದ್ದು, ಫ್ಲಶ್ ಮಾಡಿದ್ರೆ ಹೋಗಲ್ಲ, ಆಸಿಡ್ ಟ್ರೀಟ್ಮೆಂಟೇ ಬೇಕು. ಆದ್ರೆ ಆಸಿಡ್ ಡೆಮೊ 25 ಜನರ ಗುಂಪಲ್ಲಿ ಮಾಡಬೇಡಿ. ಅದಕ್ಕೆ ನೀರು ಪರೀಕ್ಷೆ ಮಾಡಿಸಿ, ಕೈಗವಸು, ಕನ್ನಡಕ ಹಾಕ್ಕೊಂಡು ಆ ಒಬ್ಬ ರೈತನ ತೋಟದಲ್ಲಿ ಬೇರೆ ದಿನ ಮಾಡಬೇಕು. ಇವತ್ತು ಹೇಳಬೇಕಾದ್ದು ಎರಡೇ ಮಾತು: ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು, ಮತ್ತೆ ಆಸಿಡನ್ನೂ ಬ್ಲೀಚಿಂಗ್ ಪೌಡರನ್ನೂ ಯಾವ ಕಾರಣಕ್ಕೂ ಒಟ್ಟಿಗೆ ಸೇರಿಸಬಾರದು, ವಿಷದ ಗಾಳಿ ಬರತ್ತೆ. ಈ ಎರಡನ್ನೂ ಜನರ ಬಾಯಲ್ಲಿ ತಿರುಗಿ ಹೇಳಿಸಿ.

ಕೊನೇ ಇಪ್ಪತ್ತು ನಿಮಿಷ ಮತ್ತು ಮೂರು ವಾರ ಆದ್ಮೇಲೆ

ಸಬ್ಸಿಡಿ ಪ್ರಶ್ನೆ ಬಂದೇ ಬರತ್ತೆ, ಮಧ್ಯದಲ್ಲಿ ಬಂದ್ರೆ "ಕೊನೇಲಿ ಹೇಳ್ತೀನಿ ಅಣ್ಣ" ಅಂತ ಹೇಳಿ ಮುಂದೆ ಹೋಗಿ, ಕೊನೇಲಿ ತೋಟಗಾರಿಕೆ ಇಲಾಖೆಯೋರು ಒಬ್ಬರು ಜೊತೇಲಿದ್ರೆ ಅವರೇ ಉತ್ತರ ಕೊಡಲಿ. ಈ ವರ್ಷದ ನಿಯಮ ಕೇಳ್ಕೊಳ್ಳದೇ ಹಳೇ ಅಂಕಿ ಹೇಳಬೇಡಿ.

ಕಲಿತ್ರಾ ಇಲ್ವಾ ಅಂತ ತಿಳ್ಕೊಳ್ಳೋಕೆ ಪ್ರಶ್ನೆ ಪತ್ರಿಕೆ ಬೇಡ. ಗುಂಪಿನಿಂದ ಇಬ್ಬರನ್ನ ಕರೆದು ಇನ್ನೂ ಮುಟ್ಟದ ಐದು ಸಾಲು ಕೊಟ್ಟು ಫ್ಲಶ್ ಮಾಡಿ ಅಂತ ಬಿಡಿ. ಮೊದಲು ಯಾವುದಕ್ಕೆ ಕೈ ಹಾಕ್ತಾರೆ ಅಂತ ನೋಡಿ, ಸೀದಾ ಪೈಪ್ ತುದಿಗೆ ಹೋದ್ರೆ ಕ್ರಮ ತಲೆಗೆ ಹೋಗಿಲ್ಲ, ಸಬ್‌ಮೇನ್ ಫ್ಲಶ್ ವಾಲ್ ಹತ್ರ ಹೋದ್ರೆ ಹೋಗಿದೆ. ಫೋನ್ ಇರೋರನ್ನ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿ, ಮುಂದಿನ ವಾರ ತಮ್ಮ ಫಿಲ್ಟರ್ ಜಾಲರಿ ಫೋಟೋ ಒಂದು ಕಳಿಸಿ ಅಂತ ಹೇಳಿ, ಬರೀ ಫೋಟೋ, ಬರೆಯೋದೇನೂ ಬೇಡ. ಓದು ಬರಹ ಬರದೋರೂ ಕಳಿಸ್ತಾರೆ.

ಮೂರು ವಾರ ಬಿಟ್ಟು ಅದೇ 16 ಬಾಟಲಿ ತಗೊಂಡು ಅದೇ ತೋಟಕ್ಕೆ ಹೋಗಿ, ಅದೇ ಹದಿನಾರು ಜಾಗದಲ್ಲಿ ಅಳೆದು ಹಲಗೆ ಮೇಲೆ ಜೋಡಿಸಿ ಫೋಟೋ ತೆಗೀರಿ. ಈ ಫೋಟೋನೂ ಮೊದಲ ದಿನದ್ದೂ ಪಕ್ಕಪಕ್ಕ ಇಟ್ಟು ಫ್ಲೆಕ್ಸ್ ಮಾಡಿಸಿದ್ರೆ ಪಕ್ಕದೂರಿನ ತರಬೇತಿಗೆ ಹತ್ತನೇ ಫೋಟೋ ಸಿಕ್ತು.